ಸಂಬಳ, ನೋಟಿಸ್ ಪೀರಿಯಡ್, ಕೆಲಸ ಬಿಟ್ಟ ಕಾರಣ: ರೆಸ್ಯೂಮೆಯಲ್ಲಿ ಯಾವುದಿರಬೇಕು, ಯಾವುದು ಬೇಡ

ದಾವಣಗೆರೆ ಕಡೆಯ ಹುಡುಗಿಯೊಬ್ಬಳು ತನ್ನ ರೆಸ್ಯೂಮೆ ನೋಡಿಕೊಡಿ ಅಂತ ನನಗೆ ಕಳಿಸಿದ್ದಳು. ಬೆಂಗಳೂರಿನ ಪೀಣ್ಯದಲ್ಲಿ ಅಕೌಂಟ್ಸ್ ಕೆಲಸ, ನಾಲ್ಕು ವರ್ಷದ ಅನುಭವ. ಜಿಎಸ್‌ಟಿ ರಿಟರ್ನ್, ಟ್ಯಾಲಿ, ಬ್ಯಾಂಕ್ ರಿಕನ್ಸಿಲಿಯೇಶನ್, ಎಲ್ಲಾ ಚೆನ್ನಾಗಿ ಬರೆದಿದ್ದಳು. ಕೊನೆಯ ಪುಟದ ತಳದಲ್ಲಿ, 'ಮೇಲಿನ ಮಾಹಿತಿ ಸತ್ಯ ಎಂದು ಘೋಷಿಸುತ್ತೇನೆ' ಅನ್ನುವ ಸಾಲಿನ ಮೇಲೆ, ಇನ್ನೂ ಮೂರು ಸಾಲು ಇದ್ದವು. ನಿರೀಕ್ಷಿತ ಸಂಬಳ: 35,000. ನೋಟಿಸ್ ಪೀರಿಯಡ್: 60 ದಿನ, ನೆಗೋಶಿಯಬಲ್. ಕೆಲಸ ಬಿಡುವ ಕಾರಣ: ಬೆಳವಣಿಗೆಗೆ ಅವಕಾಶ ಇಲ್ಲ.

ಯಾಕೆ ಬರೆದೆ ಅಂತ ಕೇಳಿದೆ. "ಎಲ್ಲರ ರೆಸ್ಯೂಮೆಯಲ್ಲೂ ಇರುತ್ತಲ್ವಾ ಸರ್" ಅಂದಳು. ಅವಳ ಮಾತು ನಿಜ. ಸೈಬರ್ ಸೆಂಟರಿನಲ್ಲಿ, ಡಿಟಿಪಿ ಅಂಗಡಿಯಲ್ಲಿ ಒಂದೇ ಹಳೇ ಬಯೋಡೇಟಾ ಫೈಲು ಕೈಯಿಂದ ಕೈಗೆ ಬರುತ್ತಿರುತ್ತದೆ. ಹೆಸರು ಬದಲಾಗುತ್ತದೆ, ಆ ಮೂರು ಸಾಲು ಹಾಗೇ ಉಳಿಯುತ್ತವೆ. ಆದರೆ ಅವಳ ವಿಷಯದಲ್ಲಿ ಮೊದಲನೇ ಸಾಲು ಆಗಲೇ ಒಂದು ಕೆಲಸವನ್ನು ಕೆಡಿಸಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕೆಲಸ ಮಾಡುತ್ತಿದ್ದೇನೆ. ಈ ಮೂರು ವಿಷಯಗಳ ಬಗ್ಗೆ ನನ್ನ ತೀರ್ಮಾನ ಇಷ್ಟು. ಸಂಬಳ ರೆಸ್ಯೂಮೆಯಲ್ಲಿ ಬೇಡವೇ ಬೇಡ. ನೋಟಿಸ್ ಪೀರಿಯಡ್ ನಿಮಗೆ ಅನುಕೂಲ ಆಗುವಾಗ ಮಾತ್ರ ಇರಲಿ. ಕೆಲಸ ಬಿಟ್ಟ ಕಾರಣ ಬೇಡ, ಆದರೆ ತಾರೀಖುಗಳೇ ಅನುಮಾನ ಹುಟ್ಟಿಸುವ ಹಾಗಿದ್ದರೆ ಎರಡು ಮೂರು ಪದ ಸಾಕು. ಹೇಗೆ ಈ ತೀರ್ಮಾನಕ್ಕೆ ಬರುವುದು ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

## ಮೊದಲು: ರೆಸ್ಯೂಮೆ ಯಾರ ಕೈಗೆ ಹೋಗುತ್ತೆ ಅಂತ ನೋಡಿ

ನೀವು ಒಂದು ಫೈಲು ಕಳಿಸುತ್ತೀರಿ. ಅದನ್ನು ಮೊದಲು ನೋಡುವುದು ಕನ್ಸಲ್ಟೆನ್ಸಿಯ ಅಥವಾ ಕಂಪನಿಯ ರಿಕ್ರೂಟರ್. ಅವರು ನಿಮಗೆ ಫೋನ್ ಮಾಡುತ್ತಾರೆ. ಆಗ ಅವರ ಮುಂದೆ ಒಂದು ಎಕ್ಸೆಲ್ ಶೀಟ್ ತೆರೆದಿರುತ್ತದೆ, ನಾವು ಅದನ್ನು ಟ್ರ್ಯಾಕರ್ ಅನ್ನುತ್ತೇವೆ. ಒಟ್ಟು ಅನುಭವ, ಈಗಿನ ಸಿಟಿಸಿ, ನಿರೀಕ್ಷಿತ ಸಿಟಿಸಿ, ನೋಟಿಸ್ ಪೀರಿಯಡ್, ಕೆಲಸ ಬದಲಾಯಿಸುವ ಕಾರಣ, ಈಗ ಇರುವ ಊರು. ಪ್ರತಿಯೊಂದಕ್ಕೂ ಒಂದೊಂದು ಕಾಲಂ. ಸಿಟಿಸಿ ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ. ನಿಮ್ಮ ರೆಸ್ಯೂಮೆಯಲ್ಲಿ ಬರೆದಿದ್ದರೂ ಇದನ್ನೆಲ್ಲಾ ಫೋನಿನಲ್ಲಿ ಕೇಳಿಯೇ ಕೇಳುತ್ತಾರೆ, ಯಾಕೆಂದರೆ ರೆಸ್ಯೂಮೆಯಲ್ಲಿರುವುದು ಯಾವ ಕಾಲದ್ದೋ ಗೊತ್ತಿರುವುದಿಲ್ಲ. ಹಾಗಾಗಿ ಬರೆಯದೇ ಇದ್ದರೆ ಅವರಿಗೆ ಏನೂ ನಷ್ಟ ಇಲ್ಲ.

ಟ್ರ್ಯಾಕರ್ ರಿಕ್ರೂಟರ್ ಹತ್ತಿರ ಉಳಿಯುತ್ತದೆ. ರೆಸ್ಯೂಮೆ ಮಾತ್ರ ಮುಂದೆ ಹೋಗುತ್ತದೆ: ಮ್ಯಾನೇಜರಿಗೆ, ಇಂಟರ್‌ವ್ಯೂ ಮಾಡುವ ಇನ್ನಿಬ್ಬರಿಗೆ, ಕೆಲವೊಮ್ಮೆ ನಾಳೆ ನಿಮ್ಮ ಪಕ್ಕದ ಸೀಟಿನಲ್ಲಿ ಕೂರುವವರಿಗೆ. ಇವರ ಕೆಲಸ ನಿಮಗೆ ಕೆಲಸ ಬರುತ್ತದೋ ಇಲ್ಲವೋ ಅಂತ ನೋಡುವುದು. ನಿಮ್ಮ ಸಂಬಳದ ಅಂಕಿ ಅವರ ಕಣ್ಣಿಗೆ ಬೀಳಬೇಕಾಗಿಲ್ಲ. ಜೊತೆಗೆ ಆ ಫೈಲು ಕನ್ಸಲ್ಟೆನ್ಸಿಯ ಡ್ರೈವಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಎರಡು ವರ್ಷದ ಹಿಂದೆ ಬರೆದ ಸಂಬಳದ ಅಂಕಿ ಇವತ್ತೂ ಅಲ್ಲೇ ಇರುತ್ತದೆ, ಇವತ್ತಿನ ಕೆಲಸಕ್ಕೆ ನಿಮ್ಮನ್ನು ಹುಡುಕುವವರ ಕಣ್ಣಿಗೂ ಅದೇ ಬೀಳುತ್ತದೆ.

ಆದ್ದರಿಂದ ಪ್ರತಿ ಸಾಲಿಗೂ ಈ ಎರಡು ಪ್ರಶ್ನೆ ಹಾಕಿ. ಇದನ್ನು ನೋಡಿ ಮ್ಯಾನೇಜರ್ ನನ್ನನ್ನು ಇಂಟರ್‌ವ್ಯೂಗೆ ಕರೆಯುವ ಸಾಧ್ಯತೆ ಜಾಸ್ತಿ ಆಗುತ್ತಾ? ಆರು ತಿಂಗಳಾದ ಮೇಲೂ ಇದು ನಿಜವಾಗಿ ಇರುತ್ತಾ? ಎರಡಕ್ಕೂ ಹೌದು ಅಂತ ಉತ್ತರ ಬಂದರೆ ಮಾತ್ರ ಸಾಲು ಉಳಿಯಲಿ. ಎರಡನೇ ಪ್ರಶ್ನೆಗೆ ಒಂದೇ ಒಂದು ವಿನಾಯಿತಿ ಇದೆ, ಅದು ನೋಟಿಸ್ ವಿಷಯದಲ್ಲಿ ಬರುತ್ತದೆ.

## ಸಂಬಳ: ಯಾಕೆ ಬೇಡ, ಬದಲಿಗೆ ಏನು ಮಾಡಬೇಕು

ಈಗ ಆ ಹುಡುಗಿಯ 35,000ದ ಕಥೆ. ಅವಳ ಸಿಟಿಸಿ ವರ್ಷಕ್ಕೆ 4,80,000. ಅದರಲ್ಲಿ ಬೇಸಿಕ್ 2,40,000. ಅವಳ ಕಂಪನಿ ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುತ್ತಿತ್ತು, ಹಾಗಾಗಿ ಕಂಪನಿಯ 12 ಪರ್ಸೆಂಟ್ ಪಾಲು 28,800. ಗ್ರಾಚ್ಯುಟಿ ಅಂತ ಬೇಸಿಕ್‌ನ 4.81 ಪರ್ಸೆಂಟ್, ಅಂದರೆ 11,544 ರೂಪಾಯಿ, ಅದೂ ಸಿಟಿಸಿ ಒಳಗೇ. ವರ್ಷದ ಕೊನೆಗೆ ಬರುವ ವೇರಿಯಬಲ್ 40,000. ಈ ಮೂರನ್ನೂ ತೆಗೆದರೆ ಉಳಿಯುವುದು 3,99,656. ಅದರಲ್ಲಿ ಅವಳ ಪಾಲಿನ ಪಿಎಫ್ 28,800 ಮತ್ತು ಕರ್ನಾಟಕದ ವೃತ್ತಿ ತೆರಿಗೆ ವರ್ಷಕ್ಕೆ 2,500 ಹೋಗುತ್ತದೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 30,700.

ಅವಳ ತಲೆಯಲ್ಲಿ ಇದ್ದದ್ದು ಈ ಕೈಗೆ ಬರುವ ಸಂಬಳ. ಈಗ 30,700 ಬರ್ತಿದೆ, ಮುಂದಿನ ಕಡೆ 35,000 ಬಂದರೆ ಸಾಕು ಅಂತ ಯೋಚಿಸಿ ಹಾಗೆ ಬರೆದಳು. ಒಂದು ಕಂಪನಿಯವರು ಅದನ್ನು ಓದಿದ್ದು ಬೇರೆ ರೀತಿ: ತಿಂಗಳಿಗೆ 35,000 ಅಂದರೆ ವರ್ಷಕ್ಕೆ 4,20,000 ಸಿಟಿಸಿ. ಇಂಟರ್‌ವ್ಯೂ ಚೆನ್ನಾಗಿ ಆಯಿತು. ಆಫರ್ ಬಂತು, 4,50,000. "ನೀವು ಕೇಳಿದ್ದು 35 ಸಾವಿರ ಮೇಡಂ, ನಾವು 37,500 ಕೊಡ್ತಾ ಇದ್ದೀವಿ" ಅಂದರು ಅವರ ಎಚ್‌ಆರ್. ಅದರಲ್ಲಿ ವೇರಿಯಬಲ್ ಇರಲಿಲ್ಲ. ಅದೇ ರೀತಿ ಲೆಕ್ಕ ಹಾಕಿದರೆ ಕೈಗೆ ಬರುವುದು ಸುಮಾರು 31,900. ತಿಂಗಳಿಗೆ 1,200 ಜಾಸ್ತಿ, ಆದರೆ ವರ್ಷಕ್ಕೆ ಬರುತ್ತಿದ್ದ 40,000 ಇಲ್ಲ. ಅವಳು ತಿದ್ದಿ ಹೇಳಲು ಹೋದಾಗ ಅವರು ರೆಸ್ಯೂಮೆ ತೋರಿಸಿದರು. ಅಲ್ಲಿ ಬರೆದಿದೆಯಲ್ಲ!

ಬರೆದ ಅಂಕಿಯ ತೊಂದರೆ ಇದೇ. ಮಾತಿನಲ್ಲಾದರೆ "ಕೈಗೆ ಬರೋದಾ, ಸಿಟಿಸಿನಾ?" ಅಂತ ಯಾರಾದರೂ ಕೇಳುತ್ತಾರೆ. ಕಾಗದದ ಮೇಲಿದ್ದರೆ ಯಾರೂ ಕೇಳುವುದಿಲ್ಲ, ತಮಗೆ ಅನುಕೂಲವಾದ ಅರ್ಥ ಮಾಡಿಕೊಳ್ಳುತ್ತಾರೆ. ಕೆಲಸ ಎಂಥದ್ದು, ರಾತ್ರಿ ಪಾಳಿ ಇದೆಯಾ, ಶನಿವಾರ ರಜೆಯಾ, ವೇರಿಯಬಲ್ ಎಷ್ಟು ಅನ್ನುವುದು ನಿಮಗೆ ಗೊತ್ತಾಗುವ ಮೊದಲೇ ನಿಮ್ಮ ಬೆಲೆ ಮೇಜಿನ ಮೇಲೆ ಬಿದ್ದಿರುತ್ತದೆ. ಕಮ್ಮಿ ಬರೆದಿದ್ದರೆ ಅಷ್ಟಕ್ಕೇ ನಿಲ್ಲಿಸುತ್ತಾರೆ. ಜಾಸ್ತಿ ಬರೆದಿದ್ದರೆ ಫೋನೇ ಬರುವುದಿಲ್ಲ.

'ಕಂಪನಿಯ ನಿಯಮದಂತೆ' ಅಂತ ಬರೆದರೆ ಆಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ಅದನ್ನೂ ತೆಗೆಯಿರಿ. ಅದರಿಂದ ಓದುವವರಿಗೆ ಏನೂ ಗೊತ್ತಾಗುವುದಿಲ್ಲ, ಜಾಗ ಮಾತ್ರ ಹಾಳು.

ಬದಲಿಗೆ ಮನೆಯಲ್ಲೇ ಕೂತು ಒಂದು ಲೆಕ್ಕ ಮಾಡಿಟ್ಟುಕೊಳ್ಳಿ. ಆಫರ್ ಲೆಟರಿನ ಕೊನೆಯ ಪುಟದಲ್ಲಿ ಸಂಬಳದ ಪಟ್ಟಿ ಇರುತ್ತದೆ. ಅದನ್ನೂ ಇತ್ತೀಚಿನ ಪೇಸ್ಲಿಪ್ಪನ್ನೂ ಪಕ್ಕದಲ್ಲಿ ಇಟ್ಟುಕೊಂಡು ನಿಮ್ಮ ಸಿಟಿಸಿ ಎಷ್ಟು, ಅದರಲ್ಲಿ ಫಿಕ್ಸೆಡ್ ಎಷ್ಟು, ಕೈಗೆ ಬರುವುದು ಎಷ್ಟು, ಮೂರನ್ನೂ ಬೇರೆ ಬೇರೆ ಬರೆಯಿರಿ. ಆಮೇಲೆ ನಿಮಗೆ ಬೇಕಾದ ಕೈ ಸಂಬಳದಿಂದ ಹಿಂದಕ್ಕೆ ಹೋಗಿ. ಆ ಹುಡುಗಿಗೆ ತಿಂಗಳಿಗೆ 35,000 ಕೈಗೆ ಬರಬೇಕಿದ್ದರೆ, ವೇರಿಯಬಲ್ 50,000 ಇರುವ ಕಂಪನಿಯಲ್ಲಿ ಸಿಟಿಸಿ ಸುಮಾರು 5,50,000 ಆಗಬೇಕಿತ್ತು. ಅದೇ ಸಿಟಿಸಿಯಲ್ಲಿ ವೇರಿಯಬಲ್ ಇಲ್ಲದಿದ್ದರೆ ಕೈಗೆ 39,000 ಬರುತ್ತದೆ. ಅಂದರೆ ಅವಳು ಕೇಳಬೇಕಾದ ಅಂಕಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಾಗಿದ್ದ ಮೇಲೆ ಎಲ್ಲರಿಗೂ ಕಳಿಸುವ ಒಂದೇ ರೆಸ್ಯೂಮೆಯಲ್ಲಿ ಒಂದೇ ಅಂಕಿ ಹೇಗೆ ಬರೆಯುವುದು?

ಫೋನಿನಲ್ಲಿ ಕೇಳಿದಾಗ ಮೊದಲು ನೀವು ಕೇಳಿ: "ಈ ಕೆಲಸಕ್ಕೆ ಬಜೆಟ್ ಎಷ್ಟಿದೆ, ಅದರಲ್ಲಿ ವೇರಿಯಬಲ್ ಎಷ್ಟು?" ಬಹಳಷ್ಟು ರಿಕ್ರೂಟರುಗಳು ಹೇಳುತ್ತಾರೆ. ಹೇಳದಿದ್ದರೆ ನಿಮ್ಮ ಅಂಕಿಯನ್ನು ಸಿಟಿಸಿ ಅಂತಲೋ ಫಿಕ್ಸೆಡ್ ಅಂತಲೋ ಹೆಸರಿಟ್ಟೇ ಹೇಳಿ. ಐದರಿಂದ ಆರು ಅಂದರೆ ಎದುರಿನವರು ಬರೆದುಕೊಳ್ಳುವುದು ಐದು ಅಂತಲೇ, ಹಾಗಾಗಿ ಒಂದೇ ಅಂಕಿ ಹೇಳುವುದು ಒಳ್ಳೆಯದು. ಈಗಿನ ಸಂಬಳವನ್ನು ಮಾತ್ರ ಒಂದು ರೂಪಾಯಿಯೂ ಏರಿಸಿ ಹೇಳಬೇಡಿ. ಆಫರ್ ಕೊಡುವ ಮುಂಚೆ ಮೂರು ತಿಂಗಳ ಪೇಸ್ಲಿಪ್ ಕೇಳುತ್ತಾರೆ, ಕೆಲವರು ಫಾರ್ಮ್ 16 ಕೂಡ ಕೇಳುತ್ತಾರೆ. ಅಲ್ಲಿ ಸಿಕ್ಕಿಬಿದ್ದವರ ಆಫರ್ ವಾಪಸ್ ಹೋಗಿದ್ದನ್ನು ನೋಡಿದ್ದೇನೆ.

## ನೋಟಿಸ್ ಪೀರಿಯಡ್: ದಿನ ಎಷ್ಟಿದೆ ಅನ್ನುವುದರ ಮೇಲೆ

ಇಲ್ಲಿ ತೀರ್ಮಾನ ಮಾಡುವ ಮೊದಲು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಿ. ನೆನಪಿನಿಂದ ಹೇಳಬೇಡಿ. ಪ್ರೊಬೇಶನ್ ಮುಗಿದ ಮೇಲೆ 30 ದಿನದಿಂದ 60ಕ್ಕೋ 90ಕ್ಕೋ ಏರಿರುತ್ತದೆ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ನೋಟಿಸ್ ಎಷ್ಟು ದಿನ ಅಂತ ನೋಡಿದ ಮೇಲೆ, ದುಡ್ಡು ಕಟ್ಟಿ ಬೇಗ ಹೋಗಬಹುದು ಅಂತ ಬರೆದಿದೆಯಾ, ಅಥವಾ ಅದು ಕಂಪನಿಯ ಇಷ್ಟಕ್ಕೆ ಬಿಟ್ಟಿದ್ದಾ ಅಂತ ನೋಡಿ. ಆಮೇಲೆ ಆ ದುಡ್ಡಿನ ಲೆಕ್ಕ ಬೇಸಿಕ್ ಮೇಲಾ, ಗ್ರಾಸ್ ಮೇಲಾ ಅಂತ ಹುಡುಕಿ. ಮೇಲಿನ ಹುಡುಗಿಯ ಲೆಕ್ಕದಲ್ಲಿ 30 ದಿನ ಕಮ್ಮಿ ಮಾಡಿಕೊಳ್ಳಲು ಬೇಸಿಕ್ ಆದರೆ 20,000, ಗ್ರಾಸ್ ಆದರೆ 33,300. ತಿಂಗಳ ಬಾಡಿಗೆಯಷ್ಟು ವ್ಯತ್ಯಾಸ.

ಈಗ ತೀರ್ಮಾನ. ನೀವು ಆಗಲೇ ರಾಜೀನಾಮೆ ಕೊಟ್ಟು, ಕೊನೆಯ ದಿನ ಯಾವತ್ತು ಅಂತ ಕಂಪನಿಯಿಂದ ಮೇಲ್ ಬಂದಿದ್ದರೆ, ಆ ತಾರೀಖನ್ನು ರೆಸ್ಯೂಮೆಯ ಮೇಲ್ಭಾಗದಲ್ಲಿ, ಫೋನ್ ನಂಬರಿನ ಕೆಳಗೇ ಹಾಕಿ. ಬೆಂಗಳೂರಿನ ಕಂಪನಿಗಳಿಗೆ ಇದು ನಿಜವಾಗಿಯೂ ಬೇಕು. 90 ದಿನ ಕಾಯುವಷ್ಟರಲ್ಲಿ ಅಭ್ಯರ್ಥಿ ಇನ್ನೊಂದು ಆಫರ್ ಹಿಡಿದು ಹೋಗುವುದು ಇಲ್ಲಿ ದಿನಾ ನಡೆಯುತ್ತದೆ, ಹಾಗಾಗಿ ಇಂಥ ದಿನ ಬರುತ್ತೇನೆ ಅನ್ನುವವರನ್ನು ಮೊದಲು ಕರೆಯುತ್ತಾರೆ. ಇದೇ ನಾನು ಹೇಳಿದ ವಿನಾಯಿತಿ: ಆರು ತಿಂಗಳಿಗೆ ಹಳತಾಗುವ ಸಾಲು, ಆದರೂ ಈಗ ಕೆಲಸಕ್ಕೆ ಬರುತ್ತದೆ. ಒಂದೇ ಸಾಲು ಸಾಕು, ದಿನಗಳ ಲೆಕ್ಕ ಬೇಡ, ತಾರೀಖೇ ಇರಲಿ:

```
Last working day: 12 June 2026
```

'15 ದಿನ ಬಾಕಿ' ಅಂತ ಬರೆದರೆ ಯಾವತ್ತಿನಿಂದ 15 ದಿನ ಅಂತ ಯಾರಿಗೂ ಗೊತ್ತಾಗುವುದಿಲ್ಲ. ತಾರೀಖಾದರೆ ಯಾವಾಗ ಓದಿದರೂ ಅರ್ಥ ಆಗುತ್ತದೆ. ಆ ದಿನ ದಾಟಿದ ತಕ್ಷಣ ಸಾಲು ತೆಗೆದುಬಿಡಿ. ಕಳೆದುಹೋದ ತಾರೀಖು ಇರುವ ರೆಸ್ಯೂಮೆ ನೋಡಿದರೆ, ಇಷ್ಟು ದಿನ ಯಾರೂ ತೆಗೆದುಕೊಂಡಿಲ್ಲವಾ ಅಂತ ಅನಿಸುತ್ತದೆ.

ಲೆಟರಿನಲ್ಲೇ 30 ದಿನ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಹಾಕಬಹುದು, ಅದರಿಂದ ಲಾಭವೇ. 60, 90 ದಿನ ಇದ್ದರೆ ಬೇಡ. ಮ್ಯಾನೇಜರ್ ನಿಮ್ಮ ಕೆಲಸ ಓದುವ ಮೊದಲೇ 90 ಅನ್ನುವ ಅಂಕಿ ಓದಿ ಮುಂದಿನ ರೆಸ್ಯೂಮೆಗೆ ಹೋಗುತ್ತಾರೆ. ಇಂಟರ್‌ವ್ಯೂ ಚೆನ್ನಾಗಿ ಆಗಿ ನೀವೇ ಬೇಕು ಅನಿಸಿದ ಮೇಲೆ ಅದೇ ಮ್ಯಾನೇಜರ್ ಬೈಔಟ್ ದುಡ್ಡು ಕೊಡಲು ಎಚ್‌ಆರ್ ಜೊತೆ ಮಾತಾಡುತ್ತಾರೆ.

ಇದು ಮುಚ್ಚಿಡುವುದಲ್ಲವಾ ಅಂತ ಒಬ್ಬರು ಕೇಳಿದ್ದರು. ಅಲ್ಲ, ಯಾಕೆಂದರೆ ನೌಕ್ರಿಯಂಥ ಪೋರ್ಟಲಿನಲ್ಲಿ ನೋಟಿಸ್ ಪೀರಿಯಡ್‌ಗೆ ಬೇರೆಯೇ ಜಾಗ ಇದೆ. ಅಲ್ಲಿ ಇದ್ದದ್ದನ್ನು ಇದ್ದ ಹಾಗೇ ತುಂಬಬೇಕು. ರಿಕ್ರೂಟರ್ ಅದನ್ನೇ ಫಿಲ್ಟರ್ ಹಾಕಿ ಹುಡುಕುತ್ತಾರೆ. 90 ದಿನ ಇರುವವರು ಅಲ್ಲಿ 15 ದಿನ ಅಂತ ಹಾಕಿದರೆ ಫೋನ್ ಬರುತ್ತದೆ, ಎರಡನೇ ನಿಮಿಷಕ್ಕೆ ನಿಜ ಗೊತ್ತಾಗುತ್ತದೆ, ಆ ರಿಕ್ರೂಟರ್ ಮತ್ತೆ ನಿಮಗೆ ಫೋನ್ ಮಾಡುವುದಿಲ್ಲ. ಕೂಡಲೇ ಸೇರುವವರು ಮಾತ್ರ ಬೇಕು ಅಂತ ಜಾಹೀರಾತಿನಲ್ಲೇ ಇದ್ದರೆ, ಅರ್ಜಿಯ ಮೇಲ್‌ನಲ್ಲೇ ನಿಮ್ಮ ದಿನಗಳನ್ನು ಹೇಳಿ, ಕಾಯುತ್ತೀರಾ ಅಂತ ಕೇಳಿಬಿಡಿ.

'ನೆಗೋಶಿಯಬಲ್' ಅನ್ನುವ ಪದವನ್ನು ಮಾತ್ರ ದಯವಿಟ್ಟು ಬರೆಯಬೇಡಿ, ಲೆಟರ್ ಓದದೆ ಅಂತೂ ಬೇಡವೇ ಬೇಡ. ಅದು ನೀವು ಕೊಡುವ ಮಾತು. ಬೇಗ ಬಿಡುವುದು ಕಂಪನಿಯ ಇಷ್ಟ ಅಂತ ಲೆಟರಿನಲ್ಲಿ ಇದ್ದರೆ ಆ ಮಾತು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಸುಮ್ನೆ ಹೊರಟುಬಂದರೆ ರಿಲೀವಿಂಗ್ ಲೆಟರ್ ಸಿಗುವುದಿಲ್ಲ, ಅದಿಲ್ಲದೆ ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಅಲ್ಲೇ ನಿಲ್ಲುತ್ತದೆ.

ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್‌ಗೆ ಹೋದವರಿಗೆ ಸ್ವಲ್ಪ ಬೇರೆ. ಅಲ್ಲಿ ಸಿವಿಯ ಮೇಲ್ಭಾಗದಲ್ಲಿ ವೀಸಾ ಯಾವುದು, ಯಾವಾಗ ಸೇರಬಹುದು ಅಂತ ಹಾಕುವುದು ರೂಢಿ. ಯುಎಇ ಕಾನೂನಿನಲ್ಲಿ ನೋಟಿಸ್ 30 ದಿನಕ್ಕಿಂತ ಕಮ್ಮಿ ಇರುವಂತಿಲ್ಲ, 90 ದಿನ ಮೀರುವಂತಿಲ್ಲ. ನಿಮ್ಮದು 30 ಆಗಿದ್ದರೆ ಅದನ್ನು ವೀಸಾ ಸಾಲಿನ ಪಕ್ಕದಲ್ಲೇ ಹಾಕಿ.

## ಕೆಲಸ ಬಿಟ್ಟ ಕಾರಣ: ತಾರೀಖು ಕೇಳಿದರೆ ಮಾತ್ರ

ಈಗಿನ ಕೆಲಸ ಯಾಕೆ ಬಿಡುತ್ತಿದ್ದೀರಿ ಅನ್ನುವುದು ರೆಸ್ಯೂಮೆಯ ವಿಷಯವೇ ಅಲ್ಲ. 'ಬೆಳವಣಿಗೆಗೆ ಅವಕಾಶ ಇಲ್ಲ' ಅನ್ನುವುದು ಅವಳಿಗೆ ನಿಜವೇ ಆಗಿತ್ತು. ನಾಲ್ಕು ವರ್ಷ ಒಂದೇ ಹುದ್ದೆ. ಆದರೆ ಓದುವವರಿಗೆ ಅದು ದೂರು ಅನಿಸುತ್ತದೆ. ಅದೇ ವಿಷಯವನ್ನು ಎದುರು ಕೂತು, "ರಿಟರ್ನ್ ಫೈಲಿಂಗ್ ಪೂರ್ತಿ ನಾನೇ ನೋಡ್ಕೋತೀನಿ, ಈಗ ಆಡಿಟ್ ಕಡೆ ಹೋಗಬೇಕು ಅಂತಿದೆ" ಅಂತ ಹೇಳಿದರೆ ಕೇಳುವುದಕ್ಕೇ ಬೇರೆ.

ಕಾರಣ ಬೇಕಾಗುವುದು ತಾರೀಖುಗಳನ್ನು ನೋಡಿದವರು ತಪ್ಪು ತಿಳಿದುಕೊಳ್ಳುವ ಹಾಗಿದ್ದಾಗ. ಏಳು ತಿಂಗಳಿಗೇ ಮುಗಿದ ಕೆಲಸ, ಒಂದಾದ ಮೇಲೊಂದು ವರ್ಷದೊಳಗಿನ ಎರಡು ಕೆಲಸ, ಒಂದೂವರೆ ವರ್ಷದ ಗ್ಯಾಪ್, ಇಂಥವು. ಆಗಲೂ 'ಕಾರಣ' ಅಂತ ತಲೆಬರಹ ಹಾಕಬೇಡಿ. ಹುದ್ದೆಯ ಸಾಲಿನಲ್ಲೇ, ತಾರೀಖಿನ ಪಕ್ಕದಲ್ಲಿ ಸಣ್ಣದಾಗಿ ಸೇರಿಸಿ:

```
Accounts Assistant, Mar 2021 - Sep 2021 (6-month contract)
Site Engineer, Jan 2022 - Nov 2022 (project completed)
Store Executive, Jun 2023 - Feb 2024 (Mysuru branch closed)
```

ಇವೆಲ್ಲ ಯಾರು ಬೇಕಾದರೂ ವಿಚಾರಿಸಿ ತಿಳಿಯಬಹುದಾದ ಸಂಗತಿಗಳು, ಯಾರ ಮೇಲೂ ದೂರಲ್ಲ. ನನ್ನ ಅಳತೆ ಇದೇ: ಹಳೇ ಕಂಪನಿಯ ಎಚ್‌ಆರ್ ಇದನ್ನು ಓದಿದರೆ ಹೌದು ಅನ್ನುತ್ತಾರಾ? ಅನ್ನುತ್ತಾರೆ ಅಂದರೆ ಬರೆಯಿರಿ. 'ಮ್ಯಾನೇಜರ್ ಸರಿ ಇರಲಿಲ್ಲ', 'ಸಂಬಳ ಸರಿಯಾಗಿ ಕೊಡ್ತಿರಲಿಲ್ಲ' ಅನ್ನುವುದು ಎಷ್ಟೇ ನಿಜವಾದರೂ ಈ ಅಳತೆಗೆ ನಿಲ್ಲುವುದಿಲ್ಲ. ಮಗು, ಮನೆಯವರ ಕಾಯಿಲೆ, ಓದು, ಇಂಥ ಕಾರಣದ ಗ್ಯಾಪ್ ಆದರೆ ಒಂದೇ ಸಾಲು ಸಾಕು, ವಿವರ ಬೇಡ. ಯಾವ ಕಾಯಿಲೆ ಅಂತ ಯಾರಿಗೂ ಹೇಳಬೇಕಾಗಿಲ್ಲ.

ಬರೆಯದೇ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಕಂಪನಿಯೇ ತೆಗೆದುಹಾಕಿದ್ದರೆ ರೆಸ್ಯೂಮೆಯಲ್ಲಿ ಬರೆಯುವುದು ಬೇಡ, ಆದರೆ ಕೇಳಿದಾಗ ರಾಜೀನಾಮೆ ಕೊಟ್ಟೆ ಅನ್ನಬೇಡಿ. ವೆರಿಫಿಕೇಶನ್ ಮಾಡುವ ಏಜೆನ್ಸಿ ಹಳೇ ಎಚ್‌ಆರ್‌ಗೆ ಕಳಿಸುವ ಫಾರ್ಮಿನಲ್ಲಿ ಬಿಟ್ಟ ಕಾರಣ ಏನು, ಮತ್ತೆ ತೆಗೆದುಕೊಳ್ಳುತ್ತೀರಾ ಅನ್ನುವ ಪ್ರಶ್ನೆಗಳು ಇರುತ್ತವೆ. ನಿಮ್ಮ ಉತ್ತರ, ಅವರ ಉತ್ತರ ಎರಡೂ ಒಂದೇ ಮೇಜಿಗೆ ಬರುತ್ತವೆ.

## ಅವರೇ ಬರೆಯಿರಿ ಅಂದರೆ

ಎಷ್ಟೋ ಜಾಹೀರಾತಿನಲ್ಲಿ ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಮೂರನ್ನೂ ತಿಳಿಸಿ ಅಂತಲೇ ಇರುತ್ತದೆ. ತಿಳಿಸಿ, ಆದರೆ ಮೇಲ್‌ನಲ್ಲಿ. ರೆಸ್ಯೂಮೆ ಅಟ್ಯಾಚ್‌ಮೆಂಟ್ ಆಗಿ ಮುಂದೆ ಹೋಗುತ್ತದೆ, ಮೇಲ್ ಸಾಮಾನ್ಯವಾಗಿ ರಿಕ್ರೂಟರ್ ಹತ್ತಿರವೇ ಉಳಿಯುತ್ತದೆ. ಆ ಹುಡುಗಿಗೆ ನಾನು ಬರೆದುಕೊಟ್ಟದ್ದು ಹೀಗಿತ್ತು:

```
Current CTC: 4.8 lakh (fixed 4.4 + variable 0.4)
Expected CTC: 5.5 lakh, depends on variable
Notice: 60 days
```

ವೇರಿಯಬಲ್ ಮೇಲೆ ಅವಲಂಬಿಸಿದೆ ಅನ್ನುವ ಆ ಎರಡು ಮೂರು ಪದವೇ ಮುಂದೆ ಮಾತಾಡಲು ಬಾಗಿಲು ತೆರೆದಿಡುತ್ತದೆ.

ಕಾಲೇಜು, ಸಹಕಾರಿ ಬ್ಯಾಂಕು, ಸರ್ಕಾರಿ ಸಂಸ್ಥೆಗಳ ನಿಗದಿತ ಅರ್ಜಿ ನಮೂನೆಯ ವಿಷಯ ಬೇರೆ. ಕೊನೆಗೆ ಪಡೆದ ಸಂಬಳ, ಬಿಟ್ಟ ಕಾರಣ ಅಂತ ಅಲ್ಲಿ ಕಾಲಂ ಇದ್ದರೆ ಖಾಲಿ ಬಿಡಬೇಡಿ, ಅಪೂರ್ಣ ಅಂತ ಅರ್ಜಿಯನ್ನೇ ಪಕ್ಕಕ್ಕೆ ಇಡಬಹುದು. 'ಗುತ್ತಿಗೆ ಅವಧಿ ಮುಗಿಯಿತು' ಅಥವಾ 'ಉತ್ತಮ ಹುದ್ದೆಗಾಗಿ' ಅಂತ ಚಿಕ್ಕದಾಗಿ ತುಂಬಿ.

ಅಮೆರಿಕಕ್ಕೆ ಅರ್ಜಿ ಹಾಕುವವರು ಈಗಿನ ಸಂಬಳವನ್ನು ತಾವಾಗಿ ಹೇಳಲು ಹೋಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಉದ್ಯೋಗದಾತರು ಹಳೇ ಸಂಬಳ ಕೇಳುವಂತೆಯೇ ಇಲ್ಲ, ಇನ್ನೂ ಹಲವು ರಾಜ್ಯಗಳಲ್ಲೂ ಇಂಥ ಕಾನೂನು ಇದೆ. ಯುರೋಪಿಯನ್ ಯೂನಿಯನ್ 2023ರಲ್ಲಿ ಇದೇ ನಿಯಮ ತಂದು, ಜಾರಿಗೆ ತರಲು ಸದಸ್ಯ ದೇಶಗಳಿಗೆ 2026ರ ಜೂನ್ 7ರವರೆಗೆ ಸಮಯ ಕೊಟ್ಟಿತು.

## ಕಳಿಸುವ ಮುಂಚೆ ಒಂದು ಸಲ

ಸಾಲು ಅಳಿಸಿದರೂ ಅಂಕಿ ಇನ್ನೊಂದು ಕಡೆ ಉಳಿದಿರುತ್ತದೆ: ಫೈಲಿನ ಹೆಸರಿನಲ್ಲಿ. `Resume_4.8LPA_60days.pdf` ಅಂತ ಹೆಸರಿಟ್ಟ ಫೈಲುಗಳು ನನಗೆ ವಾರಕ್ಕೆ ಹತ್ತಾದರೂ ಬರುತ್ತವೆ. ನಿಮ್ಮ ಹೆಸರು, ಹುದ್ದೆ, ಅಷ್ಟೇ ಸಾಕು. ಕನ್ಸಲ್ಟೆನ್ಸಿಯವರು ನಿಮ್ಮ ರೆಸ್ಯೂಮೆಯನ್ನು ತಮ್ಮ ನಮೂನೆಗೆ ಬದಲಾಯಿಸಿ ಕಳಿಸುವುದೂ ಉಂಟು, ಆಗ ಸಂಬಳದ ಸಾಲನ್ನು ಅವರೇ ಸೇರಿಸಿಬಿಡುತ್ತಾರೆ. ಕಂಪನಿಗೆ ಹೋದ ಕಾಪಿಯನ್ನು ನನಗೂ ಕಳಿಸಿ ಅಂತ ಕೇಳಿ, ತೆರೆದು ನೋಡಿ.

ಆ ಹುಡುಗಿ ಮೂರೂ ಸಾಲು ತೆಗೆದಳು. ಖಾಲಿಯಾದ ಜಾಗದಲ್ಲಿ, ಎರಡು ವರ್ಷದಿಂದ ಬಾಕಿ ಉಳಿದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ವ್ಯತ್ಯಾಸವನ್ನು ಸಪ್ಲೈಯರ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಸರಿಮಾಡಿಸಿದ್ದನ್ನು ಬರೆದಳು. ಅದನ್ನು ಅವಳು ಮೊದಲು ಬರೆದೇ ಇರಲಿಲ್ಲ. ಜಾಗ ಸಾಲಲಿಲ್ಲ ಅಂದಳು.